ಮೇಲಿನವರಿಗೆ ಮೆಸೇಜು: ನಯವಾಗಿಯೂ ಇರಬೇಕು, ಜಾರಿಕೊಂಡ ಹಾಗೂ ಕಾಣಬಾರದು

ತೀರ್ಥಹಳ್ಳಿ ಕಡೆ ಅಡಿಕೆ ಗೋಡೌನ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಸೀನಿಯರ್ ಮ್ಯಾನೇಜರ್ ಕೂರುವುದು ಶಿವಮೊಗ್ಗದಲ್ಲಿ. ಅವರಿಗೂ ನನಗೂ ಮುಖ ನೋಡಿ ಮಾತಾಡುವುದು ತಿಂಗಳಿಗೆ ಒಂದೆರಡು ಸಲ ಇರಬಹುದು, ಉಳಿದದ್ದೆಲ್ಲ ವಾಟ್ಸಾಪಿನಲ್ಲೇ. ಖರ್ಚಿಗೆ ಹೂಂ ಅನ್ನುವುದೂ ಅಲ್ಲೇ, ಬೈಯುವುದೂ ಅಲ್ಲೇ. ಹಾಗಾಗಿ ಮೆಸೇಜು ಹೇಗೆ ಬರೆಯುತ್ತೇನೆ ಅನ್ನುವುದರ ಮೇಲೆ ನನ್ನ ಗೋಡೌನಿಗೆ ದುಡ್ಡು ಬರುತ್ತದೋ ಇಲ್ಲವೋ ನಿಂತಿರುತ್ತದೆ.

ನಮ್ಮ ಅಕೌಂಟೆಂಟು ಒಬ್ಬರಿದ್ದಾರೆ. ನಾನು ಒಂದೊಂದು ಸಾಲು ಅಳಿಸಿ ಬರೆಯುವುದು ನೋಡಿ, "ಕೊಡೋರು ಹೇಗೆ ಕೇಳಿದ್ರೂ ಕೊಡ್ತಾರೆ, ಕೊಡದೇ ಇರೋರು ಬೆಣ್ಣೆ ಹಚ್ಚಿದ್ರೂ ಕೊಡಲ್ಲ, ಸುಮ್ನೆ ಯಾಕೆ ಟೈಮ್ ಹಾಳು ಮಾಡ್ತೀರಿ" ಅನ್ನುತ್ತಿದ್ದರು. ಈಗ ಶಿವಮೊಗ್ಗಕ್ಕೆ ಏನಾದರೂ ಖಾರದ್ದು ಕಳಿಸುವುದಿದ್ದರೆ ಮೊದಲು ನನಗೆ ತೋರಿಸುತ್ತಾರೆ. ಇಷ್ಟು ಜಂಭ ಕೊಚ್ಚಿಕೊಳ್ಳಬಹುದು ಅಲ್ವಾ.

ವಿಷಯ ಸೋರುವ ಮಾಡಿನದು. ಪಶ್ಚಿಮದ ಮೂಲೆಯಲ್ಲಿ ಶೀಟು ಹಳೆಯದಾಗಿತ್ತು. ಮಲೆನಾಡಿನ ಮಳೆಯಲ್ಲಿ ಅಡಿಕೆಗೆ ನೀರು ತಾಗಿದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೂಸ್ಟು ಹಿಡಿಯುತ್ತದೆ, ಬಣ್ಣ ಹೋಗುತ್ತದೆ, ಆಮೇಲೆ ಒಣಗಿಸಿದರೂ ವ್ಯಾಪಾರಿ ಕೈಯಲ್ಲಿ ಹಿಡಿದ ಕೂಡಲೇ ಮೂಗು ಮುರಿಯುತ್ತಾನೆ.

ಹೋದ ಮಳೆಗಾಲದ ಹಿಂದಿನ ಮಳೆಗಾಲದಲ್ಲಿ ಹೀಗೆ ಬರೆದಿದ್ದೆ: "ಸಾರ್, ಗೋಡೌನ್ ಸೋರುತ್ತಿದೆ ಎಂದು ಎಷ್ಟೋ ಸಲ ಹೇಳಿದ್ದೇನೆ. ನೀವು ಗಮನ ಕೊಡಲಿಲ್ಲ. ಮಾಲು ಹಾಳಾದರೆ ನನ್ನ ಜವಾಬ್ದಾರಿ ಅಲ್ಲ." ಇದರಲ್ಲಿ ಸುಳ್ಳು ಒಂದೂ ಇಲ್ಲ. ಐದು ನಿಮಿಷಕ್ಕೆ ಫೋನ್ ಬಂತು. ಶೀಟಿನ ಬಗ್ಗೆ ಒಂದು ಮಾತಿಲ್ಲ, "ನಂಗೇ ಹೆದರಿಸ್ತೀರೇನ್ರೀ" ಅನ್ನುವುದರಲ್ಲೇ ಫೋನು ಮುಗಿಯಿತು. ಆಮೇಲೆ ಒಂದು ವಾರ ಬಿಟ್ಟು ಬೆಣ್ಣೆಯಲ್ಲಿ ಬರೆದೆ: "ಸಾರ್, ಮಳೆ ಸ್ವಲ್ಪ ಜಾಸ್ತಿ ಇದೆ, ಆ ಮೂಲೆಯಲ್ಲಿ ಒಂದಿಷ್ಟು ತೊಂದರೆ ಆಗಬಹುದೇನೋ ಅನಿಸುತ್ತದೆ, ಬಿಡುವಾದಾಗ ನೋಡಿ." ಉತ್ತರ ಒಂದು ಹೆಬ್ಬೆಟ್ಟು. ಅಷ್ಟೇ. ಆ ಮಳೆಗಾಲ ಹತ್ತಿಪ್ಪತ್ತು ಚೀಲ ರಾಶಿ ಅಡಿಕೆ ಕೆಟ್ಟಿತು. ಕ್ವಿಂಟಾಲಿಗೆ ಮೂರು ಸಾವಿರದ ಹತ್ತಿರ ಕಮ್ಮಿಗೆ ಕೊಡಬೇಕಾಯಿತು, ಒಟ್ಟು ಮೂವತ್ತು ಸಾವಿರದ ಮೇಲೆ ಹೋಗಿರಬೇಕು. ಹೆಚ್ಚುಕಡಿಮೆ ಶೀಟು ಹಾಕಿಸುವ ದುಡ್ಡೇ.

ಎರಡೂ ಮೆಸೇಜನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಹೊಳೆದದ್ದು ಇದು. ಮೊದಲನೆಯದರಲ್ಲಿ ಖಾರ ಇದ್ದದ್ದು ಸೋರುವ ಸುದ್ದಿಯಲ್ಲಿ ಅಲ್ಲ, "ನೀವು" ಅನ್ನುವಲ್ಲಿ. ಎರಡನೆಯದರಲ್ಲಿ ನಾನು ಮೆತ್ತಗೆ ಮಾಡಿದ್ದು ಸುದ್ದಿಯನ್ನೇ. ಮೆತ್ತಗೆ ಮಾಡಬೇಕಾದ ಜಾಗ ಬಿಟ್ಟು ಬೇರೆ ಕಡೆ ಬೆಣ್ಣೆ ಸುರಿದಿದ್ದೆ. "ಸ್ವಲ್ಪ", "ಒಂದಿಷ್ಟು", "ಆಗಬಹುದೇನೋ", "ಬಿಡುವಾದಾಗ" ಇವೆಲ್ಲ ಎಷ್ಟು, ಎಲ್ಲಿ, ಯಾವಾಗ ಅನ್ನುವುದರ ಮೇಲೆ ಕೂತಿದ್ದವು. ಮೇಲಿನವರಿಗೆ ಜಾರಿಕೊಂಡ ಹಾಗೆ ಕಾಣುವುದು ಅಲ್ಲೇ.

ಆಮೇಲೆ ಹೀಗೆ ಇಟ್ಟುಕೊಂಡೆ: ಮನುಷ್ಯನ ಕಡೆ ಹೋಗುವ ಕ್ರಿಯಾಪದ ಮೆತ್ತಗಾಗಲಿ, ಲೆಕ್ಕ, ತಾರೀಕು, ಜಾಗ ಗಟ್ಟಿ ಇರಲಿ. "ನೀವು ಮಂಜೂರು ಮಾಡಲಿಲ್ಲ" ಅನ್ನುವ ಬದಲು "ಮಂಜೂರಾತಿ ಇನ್ನೂ ಬಂದಿಲ್ಲ". "ನೀವು ತಡ ಮಾಡಿದಿರಿ" ಅನ್ನುವ ಬದಲು "ತಡವಾಗಿದೆ". ಕನ್ನಡದಲ್ಲಿ ಇದು ಸುಲಭ, ಮಾಡಿದವರನ್ನು ಬಿಟ್ಟರೂ ವಾಕ್ಯ ಕುಂಟುವುದಿಲ್ಲ. ಆದರೆ ಇಲ್ಲೇ ಒಂದು ಗುಂಡಿ ಇದೆ. ನಮ್ಮ ಪಾಲಿನ ಕೆಲಸಕ್ಕೂ ಇದನ್ನೇ ಹಚ್ಚಿದರೆ ಕೆಟ್ಟಿತು. "ಎಣಿಕೆಯಲ್ಲಿ ವ್ಯತ್ಯಾಸವಾಗಿದೆ" ಅಂತ ಬರೆದರೆ, ಎಣಿಸಿದ್ದು ಯಾರು ಅಂತ ಅವರು ಮೊದಲು ಕೇಳುತ್ತಾರೆ. ಅಲ್ಲಿ "ನಾನು ಎಣಿಸಿದಾಗ ಎರಡು ಚೀಲ ಕಮ್ಮಿ ಬಂತು, ನಾಳೆ ಬೆಳಿಗ್ಗೆ ಮತ್ತೆ ಎಣಿಸುತ್ತೇನೆ" ಅನ್ನಬೇಕು. ಅವರ ವಾಕ್ಯದಿಂದ "ನೀವು" ತೆಗೆಯಿರಿ, ನಮ್ಮ ವಾಕ್ಯದಲ್ಲಿ "ನಾನು" ಇಡಿ. ನಯ ಯಾವುದು, ಜಾರಿಕೆ ಯಾವುದು ಅನ್ನುವುದು ನನ್ನ ಲೆಕ್ಕದಲ್ಲಿ ಇಲ್ಲೇ ಬೇರೆಯಾಗುವುದು.

ಹೋದ ವರ್ಷ ಆರಿದ್ರೆ ಮಳೆ ಹಿಡಿದ ಮೇಲೆ ಕಳಿಸಿದ ಮೆಸೇಜು ಇದು, ಹೆಚ್ಚುಕಡಿಮೆ ಹೀಗೇ ಇತ್ತು:

"ನಮಸ್ಕಾರ ಸಾರ್. ಗೋಡೌನ್ ಶೀಟಿನ ಬಗ್ಗೆ ನಿಮ್ಮ ನಿರ್ಧಾರ ಒಂದು ಬೇಕಿತ್ತು. ಪಶ್ಚಿಮದ ಮೂಲೆಯಲ್ಲಿ ಸೋರುತ್ತಿದೆ. ಅದರ ಕೆಳಗೆ 60 ಚೀಲ ರಾಶಿ ಇದೆ, ಇವತ್ತು 11 ಚೀಲಕ್ಕೆ ನೀರು ತಾಗಿದೆ. ಆ 11 ಚೀಲವನ್ನು ಬೇರೆ ಮಾಡಿ ಹರವಿಸಿದ್ದೇನೆ. ಆ ಕಡೆಯ 18 ಶೀಟು ಬದಲಿಸಲು ಕೂಲಿ ಸೇರಿ 38 ಸಾವಿರ ಆಗುತ್ತದೆ, ಕೊಟೇಶನ್ ಜೊತೆಗಿದೆ. ಸದ್ಯಕ್ಕೆ ಬೇಡ ಎಂದಾದರೆ 60 ಚೀಲವನ್ನೂ ಶಿವಮೊಗ್ಗಕ್ಕೆ ಕಳಿಸಬಹುದು, ಬಾಡಿಗೆ ಮತ್ತು ಹಮಾಲಿ ಸೇರಿ 9 ಸಾವಿರ. ಯಾವುದು ಎಂದು ಗುರುವಾರದೊಳಗೆ ತಿಳಿಸಿದರೆ ಶುಕ್ರವಾರವೇ ಕೆಲಸ ಹಿಡಿಸುತ್ತೇನೆ. ಅಲ್ಲಿಯವರೆಗೆ ತಾಡಪಾಲು ಹೊದಿಸಿರುತ್ತೇನೆ. ಜೋರು ಮಳೆಗೆ ಅದು ತಡೆಯುವುದಿಲ್ಲ."

ಮಧ್ಯಾಹ್ನ ಊಟದ ಹೊತ್ತಿಗೆ ಉತ್ತರ ಬಂತು, "ಶೀಟು ಹಾಕಿಸಿ, ಬಿಲ್ ಕಳಿಸಿ." ನಾಲ್ಕೇ ಪದ. ಅಕೌಂಟೆಂಟಿಗೆ ತೋರಿಸಿದೆ. ಅವರು ಮೊಬೈಲನ್ನು ಎರಡು ಸಲ ಮೇಲೆ ಕೆಳಗೆ ಉಜ್ಜಿ ನೋಡಿ, "ಅವ್ರಿಗೆ ಇವತ್ತು ಮೂಡ್ ಚೆನ್ನಾಗಿತ್ತು ಬಿಡಿ" ಅಂದರು.

ಇದರಲ್ಲಿ ಎರಡು ಸಾಲಿಗೆ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದೆ. ಒಂದು ಗುರುವಾರದ ಸಾಲು. "ಗುರುವಾರದೊಳಗೆ ತಿಳಿಸಿ" ಅಂದರೆ ನಾನು ಅವರಿಗೆ ಗಡುವು ಕೊಟ್ಟ ಹಾಗೆ. "ಆದಷ್ಟು ಬೇಗ ತಿಳಿಸಿ" ಅಂದರೆ ಗಡುವೇ ಇಲ್ಲ, ಅದನ್ನು ಓದಿದವರು ಸೀದಾ ಮುಂದಿನ ಮೆಸೇಜಿಗೆ ಹೋಗುತ್ತಾರೆ. "ತಿಳಿಸಿದರೆ ಹಿಡಿಸುತ್ತೇನೆ" ಅಂದಾಗ ದಿನ ಹಾಗೇ ಉಳಿಯಿತು, ಕೆಲಸದ ಭಾರ ನನ್ನ ಮೇಲೆ ಬಂತು. ಅಪ್ಪಣೆ ಕೊಟ್ಟ ಹಾಗೆ ಕೇಳಲಿಲ್ಲ. ಇನ್ನೊಂದು ಕೊನೆಯ ಸಾಲು, "ತಡೆಯುವುದಿಲ್ಲ". ಅದನ್ನು "ತಡೆಯಲಿಕ್ಕಿಲ್ಲ" ಅಂತ ಮಾಡಿ, ಮತ್ತೆ ಅಳಿಸಿ, ಹೊರಗೆ ಹೋಗಿ ಒಂದು ಎಲೆ ಅಡಿಕೆ ಹಾಕಿಕೊಂಡು ಬಂದು "ತಡೆಯುವುದಿಲ್ಲ" ಅಂತಲೇ ಇಟ್ಟೆ. ಮೆಸೇಜಿನಲ್ಲಿ ಎಲ್ಲೋ ಒಂದು ಕಡೆ ಬೆಣ್ಣೆ ಇಲ್ಲದ ಸಾಲು ಇರಲೇಬೇಕು. ಅದು ವಸ್ತುವಿನ ಬಗ್ಗೆ ಇರಲಿ, ಮನುಷ್ಯನ ಬಗ್ಗೆ ಬೇಡ. ಅದರ ಹಿಂದೆ "ಆದರೆ" ಕೂಡ ಹಾಕಬಾರದು. "ನೀವು ಹೇಳಿದ್ದು ಸರಿ ಸಾರ್, ಆದರೆ" ಅಂತ ಶುರುವಾದ ಮೆಸೇಜಿನಲ್ಲಿ ಮೊದಲರ್ಧ ಯಾರೂ ಓದುವುದಿಲ್ಲ. ಪೂರ್ಣವಿರಾಮ ಹಾಕಿ ಹೊಸ ವಾಕ್ಯ ಶುರು ಮಾಡಿದರೆ ಸಾಕು.

ಶುರುವಿನ "ಬೇಕಿತ್ತು" ಕೂಡ ಸುಮ್ನೆ ಬಂದದ್ದಲ್ಲ. "ಬೇಕು" ಅಂದರೆ ಒತ್ತಾಯ. "ಬೇಕಿತ್ತು" ಅಂಗಡಿಯಲ್ಲಿ ಎಲ್ಲರೂ ಕೇಳುವ ಧಾಟಿ. ಆಮೇಲೆ ಕೊಟೇಶನ್ ಕಳಿಸುವ ರೀತಿಯಲ್ಲಿ ಒಂದು ಸಣ್ಣ ಕಿತಾಪತಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಸಾಹೇಬರೂ ಕನ್ನಡ ಓದುತ್ತಾರೆ.

ಕಳಿಸುವ ಮುಂಚೆ ಒಂದು ಪರೀಕ್ಷೆ ಮಾಡುತ್ತೇನೆ. ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡುವುದು. ಮನೆಯಲ್ಲಾದರೆ ಹೆಂಡತಿಗೆ, ಇಲ್ಲದಿದ್ದರೆ ಲಾರಿ ಕಾಯುತ್ತಾ ಕೂತ ಡ್ರೈವರಿಗೆ. ಓದಿದ ಮೇಲೆ ಎರಡೇ ಪ್ರಶ್ನೆ: ಏನು ಕೇಳಿದ್ದೇನೆ, ಯಾರಿಗೆ ಬೈದಿದ್ದೇನೆ? ಮೊದಲನೆಯದಕ್ಕೆ ಉತ್ತರ ತಡವರಿಸಿದರೆ ಮೆಸೇಜು ಜಾರುತ್ತಿದೆ. ಎರಡನೆಯದಕ್ಕೆ ಯಾವುದಾದರೂ ಹೆಸರು ಬಂದರೆ ಇನ್ನೂ ಖಾರ ಇದೆ. ಒಂದು ಸಲ ನನ್ನ ಹೆಂಡತಿ "ಬೈದಿದ್ದು ಮಳೆಗೆ" ಅಂದಳು, ಆವತ್ತು ಹಾಗೇ ಕಳಿಸಿದೆ.

ಬೇರೆ ಪ್ರಯೋಗಗಳೂ ಆಗಿವೆ, ಹೆಚ್ಚಿನವು ನೆಗೆದು ಬಿದ್ದವು. "ನೀವು" ಬಿಟ್ಟು "ತಾವು" ಹಾಕಿ, "ತಮ್ಮ ಅವಗಾಹನೆಗೆ" ಅಂತೆಲ್ಲ ಬರೆದು ನೋಡಿದೆ. ಅವರು ಫೋನ್ ಮಾಡಿ "ಏನ್ರೀ, ಅಡ್ವಾನ್ಸ್ ಬೇಕಿತ್ತಾ?" ಅಂದರು. ಮಾಮೂಲಿಗಿಂತ ಜಾಸ್ತಿ ಮರ್ಯಾದೆ ಕಂಡರೆ ಅನುಮಾನ ಬರುತ್ತದೆ. ದನಿ ಮೆಸೇಜು ಕಳಿಸಿದೆ, ತಗಡಿನ ಮೇಲೆ ಬೀಳುವ ಮಳೆಯ ಸದ್ದು ಬಿಟ್ಟರೆ ಅವರಿಗೆ ಏನೂ ಕೇಳಿಸಿರಲಿಲ್ಲ. ಒದ್ದೆ ಚೀಲದ ಫೋಟೋವನ್ನು ಆಫೀಸಿನ ಗ್ರೂಪಿಗೆ ಹಾಕಿದ್ದು ಎಲ್ಲಕ್ಕಿಂತ ದುಬಾರಿ. ಅದರಲ್ಲಿ ಒಂದೂ ಪದ ಇರಲಿಲ್ಲ, ಆದರೂ ಹತ್ತು ಜನರ ಎದುರು ಬೆರಳು ತೋರಿಸಿದ ಹಾಗಾಯಿತು. ಅದೇ ಫೋಟೋ ಅವರೊಬ್ಬರಿಗೇ ಹೋದಾಗ ಸಾಕ್ಷಿಯಾಗಿ ಕೆಲಸ ಮಾಡಿದೆ.

ಆಗಲ್ಲ ಅನ್ನುವುದಕ್ಕೂ ಇದೇ ದಾರಿ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ನಿಲ್ಲಿಸಿದ್ದಾಗ, ಸೋಮವಾರ ಮಾಲು ಉಡುಪಿಗೆ ಮುಟ್ಟಲೇಬೇಕು ಅಂತ ಶಿವಮೊಗ್ಗದಿಂದ ಹುಕುಂ ಬಂತು. "ಆಗಲ್ಲ ಸಾರ್, ಘಾಟಿ ಬಂದ್" ಅನ್ನುವುದು ಬಾಯಿಗೆ ಬಂದೇ ಬಿಡುತ್ತದೆ. "ಪ್ರಯತ್ನ ಮಾಡ್ತೀನಿ ಸಾರ್" ಅನ್ನುವುದು ಅದಕ್ಕಿಂತ ಕೆಟ್ಟದ್ದು, ಸೋಮವಾರ ಸಂಜೆ ಅದೇ ನಮ್ಮ ಕುತ್ತಿಗೆಗೆ ಬರುತ್ತದೆ. ನಾನು ಬರೆದದ್ದು: "ಇವತ್ತು ಲೋಡು ಆಗುತ್ತದೆ ಸಾರ್. ಆಗುಂಬೆಯಲ್ಲಿ ಲಾರಿ ಬಿಡುತ್ತಿಲ್ಲ, ಸುತ್ತು ಹಾಕಿ ಮಂಗಳವಾರ ಬೆಳಿಗ್ಗೆ ಮುಟ್ಟುತ್ತದೆ. ಬಾಡಿಗೆ ಮೂರು ಸಾವಿರ ಹೆಚ್ಚು. ಸೋಮವಾರವೇ ಬೇಕಾದದ್ದು ಎಷ್ಟು ಚೀಲ ಎಂದು ಗೊತ್ತಾದರೆ ಅಷ್ಟನ್ನು ಚಿಕ್ಕ ಗಾಡಿಯಲ್ಲಿ ಘಾಟಿ ಇಳಿಸುತ್ತೇನೆ." ಆಗುವುದನ್ನು ಮೊದಲು ಹೇಳಿ, ಆಗದ್ದಕ್ಕೆ ಕಾರಣ ಒಂದೇ ಕೊಟ್ಟೆ. ಕಾರಣ ಎರಡು ಮೂರು ಆದರೆ ನೆವ ಅನಿಸುತ್ತದೆ, ಎಲ್ಲ ನಿಜವೇ ಆಗಿದ್ದರೂ. ಎಂಟು ಚೀಲ ಸಾಕು ಅಂತ ಉತ್ತರ ಬಂತು.

ಇದು ನಡೆಯದ ಕಡೆಯೂ ಇದೆ. ಅವರು ಈಗಾಗಲೇ ತಮ್ಮ ಮೇಲಿನವರ ಹತ್ತಿರ ಮಾತು ಕೊಟ್ಟಾಗಿದ್ದರೆ ಯಾವ ಮೆಸೇಜೂ ಕೆಲಸಕ್ಕೆ ಬರುವುದಿಲ್ಲ, ಫೋನೇ ಗತಿ. ಅವರೇ ಬರೆದು ಕಳಿಸಿದ ರೇಟಿನಲ್ಲಿ ತಪ್ಪಿದ್ದರೂ ಅಷ್ಟೇ. ಲಿಖಿತದಲ್ಲಿ ತೋರಿಸಿದರೆ ಎಷ್ಟು ನಯವಾಗಿದ್ದರೂ ಉರಿಯುತ್ತದೆ, ಬಾಯಲ್ಲಿ ಹೇಳಿ ಅವರೇ ತಿದ್ದಿ ಕಳಿಸಲು ಬಿಡಬೇಕು. ಇನ್ನು ಜೀವದ ವಿಷಯ ಬಂದರೆ ಈ ಬೆಣ್ಣೆ ಎಣ್ಣೆ ಏನೂ ಬೇಡ. ಈ ಸಲ ಪುನರ್ವಸು ಮಳೆಯಲ್ಲಿ ಗೋಡೆ ತೇವವಾಗಿ ಸ್ವಿಚ್ ಬೋರ್ಡು ಹೊಡೆಯುತ್ತಿತ್ತು. ಬರೆದದ್ದು ಎರಡೇ ಸಾಲು: "ಗೋಡೌನಿನಲ್ಲಿ ಶಾಕ್ ಹೊಡೆಯುತ್ತಿದೆ. ಮೇನ್ ಆಫ್ ಮಾಡಿ ಹಮಾಲರನ್ನು ಹೊರಗೆ ಕಳಿಸಿದ್ದೇನೆ, ಎಲೆಕ್ಟ್ರಿಷಿಯನ್ ಬಂದು ಸರಿಯಾಗಿದೆ ಎನ್ನುವವರೆಗೆ ಲೋಡಿಂಗ್ ಇಲ್ಲ." "ಸಾರ್" ಹಾಕುವುದೂ ಬಿಟ್ಟುಹೋಗಿತ್ತು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ.