ದಾರೆಹುಳಿ ತಿಂದ ಕಿಡ್ನಿ ರೋಗಿಗೆ ಬಿಕ್ಕಳಿಕೆ ಬಂದರೆ

ಐದು ಏಣಿನ ಹಳದಿ ಹಣ್ಣು. ಅಡ್ಡಕ್ಕೆ ಕೊಯ್ದರೆ ನಕ್ಷತ್ರ. ಮಲೆನಾಡಿನಲ್ಲಿ ಒಂದು ಊರಿನವರಿಗೆ ಇದು ದಾರೆಹುಳಿ, ಇನ್ನೊಂದು ಊರಿನವರಿಗೆ ಕಮರಾಕ್ಷಿ, ಘಟ್ಟದ ಕೆಳಗೆ ಕೆಲವರಿಗೆ ಕರಬಲ. ಪೇಟೆಯ ಹಣ್ಣಿನಂಗಡಿಯಲ್ಲಿ ಸ್ಟಾರ್ ಫ್ರೂಟ್. ಉಪ್ಪು ಖಾರ ಸವರಿ ತಿನ್ನುವವರಿದ್ದಾರೆ, ಗೊಜ್ಜು, ಚಟ್ನಿ, ಉಪ್ಪಿನಕಾಯಿ ಮಾಡುವವರಿದ್ದಾರೆ. ಕಿಡ್ನಿ ಗಟ್ಟಿ ಇರುವವರು ಊಟವಾದ ಮೇಲೆ ಒಂದೆರಡು ಹೋಳು ತಿಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕಿಡ್ನಿ ಸೋತವರಿಗೆ ಮಾತ್ರ ಅರ್ಧ ಹಣ್ಣು ಕೂಡ ವಿಷವಾದದ್ದಿದೆ. ಅಂಥವರ ಮನೆಯಲ್ಲಿ ಏನು ಮಾಡಬೇಕು, ತಪ್ಪಿ ತಿಂದುಬಿಟ್ಟರೆ ಗಂಟೆಗಂಟೆಗೆ ಏನನ್ನು ಗಮನಿಸಬೇಕು ಎಂಬುದು ಈ ಲೇಖನದ ವಿಷಯ.

ವಿಷ ಯಾವುದು, ಕಿಡ್ನಿಗೇನು ಸಂಬಂಧ

ದಾರೆಹುಳಿ ತಿಂದ ಡಯಾಲಿಸಿಸ್ ರೋಗಿಗಳಿಗೆ ನಿಲ್ಲದ ಬಿಕ್ಕಳಿಕೆ ಬರುವುದನ್ನು ಬ್ರೆಜಿಲ್‌ನ ವೈದ್ಯರು 1990ರ ದಶಕದಲ್ಲೇ ಬರೆದಿಟ್ಟಿದ್ದರು. ಆದರೆ ಕಾರಣವಾದ ವಸ್ತು ಯಾವುದೆಂದು ಬಿಡಿಸಿ ತೋರಿಸಿದ್ದು 2013ರಲ್ಲಿ, ಅದೇ ದೇಶದ ಸಾವೊ ಪೌಲೊ ವಿಶ್ವವಿದ್ಯಾಲಯದ ಸಂಶೋಧಕರು. ಅದಕ್ಕೆ ಕ್ಯಾರಂಬಾಕ್ಸಿನ್ ಎಂದು ಹೆಸರಿಟ್ಟರು. ನಮ್ಮ ಆಹಾರದಲ್ಲಿರುವ ಫೀನೈಲ್‌ಅಲನಿನ್ ಎಂಬ ಅಮೈನೊ ಆಮ್ಲವನ್ನೇ ಹೋಲುವ ಸಣ್ಣ ಅಣು ಅದು.

ಮಿದುಳಿನ ನರಕೋಶಗಳನ್ನು ಎಚ್ಚರಿಸಲು ದೇಹ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಳಸುತ್ತದೆ. ಗ್ಲುಟಮೇಟ್ ಬಂದು ಕೂರುವ ಜಾಗದಲ್ಲೇ ಕ್ಯಾರಂಬಾಕ್ಸಿನ್ ಕೂರುತ್ತದೆ. ಆಗ ಯಾರೂ ಕರೆಯದೆಯೇ ನರಕೋಶಗಳು ಒಂದೇ ಸಮನೆ ಕೆರಳುತ್ತವೆ. ಬಿಕ್ಕಳಿಕೆ, ವಾಂತಿಗಳಲ್ಲಿ ಶುರುವಾಗುವ ಕೆರಳಿಕೆ ಮಿದುಳಿನ ಮೇಲ್ಭಾಗಕ್ಕೆ ಹಬ್ಬಿದರೆ ಫಿಟ್ಸ್.

ಆರೋಗ್ಯವಂತರ ಕಿಡ್ನಿ ಈ ಅಣುವನ್ನು ಸೋಸಿ ಮೂತ್ರದಲ್ಲಿ ಹೊರಹಾಕುತ್ತದೆ. ಮಿದುಳಿಗೆ ತೊಂದರೆ ಕೊಡುವಷ್ಟು ಅದು ರಕ್ತದಲ್ಲಿ ಸೇರುವುದೇ ಇಲ್ಲ. ಕಿಡ್ನಿ ಸೋತವರಲ್ಲಿ ಹೊರಹೋಗುವ ದಾರಿ ಮುಚ್ಚಿದೆ, ಹಾಗಾಗಿ ತಿಂದದ್ದು ಒಳಗೇ ಉಳಿಯುತ್ತದೆ. ಹಣ್ಣಿನಲ್ಲಿ ಆಕ್ಸಲೇಟ್ ಕೂಡ ಬಹಳ. ಅದು ಕ್ಯಾಲ್ಸಿಯಂ ಜೊತೆ ಸೇರಿ ಕಿಡ್ನಿಯ ಸಣ್ಣ ನಾಳಗಳಲ್ಲಿ ಹರಳುಗಟ್ಟುತ್ತದೆ. ಅರೆಬರೆ ಕೆಲಸ ಮಾಡುತ್ತಿದ್ದ ಕಿಡ್ನಿಯನ್ನು ಇನ್ನಷ್ಟು ಕೆಡಿಸುವುದು ಈ ಹರಳು.

ಮೊದಲು ರಿಪೋರ್ಟ್ ಓದಿ

ಡಯಾಲಿಸಿಸ್‌ನಲ್ಲಿರುವವರಿಗೆ ಹಣ್ಣು ನಿಷಿದ್ಧ ಎಂಬುದರಲ್ಲಿ ಗೊಂದಲವಿಲ್ಲ. ಗೊಂದಲವಿರುವುದು ತಮಗೆ ಕಿಡ್ನಿ ತೊಂದರೆ ಇದೆಯೆಂದೇ ಗೊತ್ತಿಲ್ಲದವರಲ್ಲಿ. ಸಕ್ಕರೆ ಕಾಯಿಲೆ, ಬಿಪಿ ಹತ್ತಾರು ವರ್ಷದಿಂದ ಇದ್ದವರು ರಕ್ತಪರೀಕ್ಷೆಯ ಹಾಳೆಯಲ್ಲಿ ಕ್ರಿಯಾಟಿನಿನ್ ಅಂಕಿಯನ್ನಷ್ಟೇ ನೋಡಿ ಸುಮ್ಮನಾಗುತ್ತಾರೆ. ಅದು ಮೋಸ ಮಾಡಬಲ್ಲ ಅಂಕಿ. 1.4 ಎಂದಿದ್ದರೆ 25 ವರ್ಷದ ಹುಡುಗನಿಗೆ ಕಿಡ್ನಿಯ ಸೋಸುವ ಶಕ್ತಿ ಸುಮಾರು 70 ಇರುತ್ತದೆ. ಅದೇ 1.4 ಇರುವ 65 ವರ್ಷದ ಹೆಂಗಸಿಗೆ ಅದು ಸುಮಾರು 42 ಮಾತ್ರ. ಈ ಸೋಸುವ ಶಕ್ತಿಯನ್ನು ರಿಪೋರ್ಟ್‌ನಲ್ಲಿ ಇಜಿಎಫ್ಆರ್ ಎಂದು ಬರೆದಿರುತ್ತಾರೆ. ಬರೆದಿರದಿದ್ದರೆ ವಯಸ್ಸು ಹೇಳಿ ಲೆಕ್ಕ ಹಾಕಿಕೊಡಿ ಎಂದು ವೈದ್ಯರನ್ನು ಕೇಳಿ. ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗಿದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಅಂಥವರು ದಾರೆಹುಳಿ ಬಿಡಬೇಕು. ಒಂದು ಹೋಳು, ಎರಡು ಹೋಳು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಇಷ್ಟರವರೆಗೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ.

‘ಹೋದ ವರ್ಷವೂ ತಿಂದಿದ್ದೆ, ಏನೂ ಆಗಿರಲಿಲ್ಲ’ ಎಂಬ ಮಾತು ಕೇಳಿಬರುವುದುಂಟು. ಹೋದ ವರ್ಷದ ಕಿಡ್ನಿ ಈ ವರ್ಷ ಇರುವುದಿಲ್ಲ. ಹಣ್ಣಿನಿಂದ ಹಣ್ಣಿಗೂ ವಿಷದ ಪ್ರಮಾಣ ಒಂದೇ ಇರುವುದಿಲ್ಲ.

ಅಡುಗೆಮನೆಯಲ್ಲಿ

ಕಿಡ್ನಿ ರೋಗಿಗಳಿಗೆ ಕೊಡುವ ಪಥ್ಯದ ಪಟ್ಟಿ ಹೆಚ್ಚಾಗಿ ಪೊಟ್ಯಾಷಿಯಂ ಲೆಕ್ಕದ್ದು. ಬಾಳೆಹಣ್ಣು ಬೇಡ, ಎಳನೀರು ಬೇಡ ಎನ್ನುವುದು ಅದಕ್ಕೇ. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 360 ಮಿಲಿಗ್ರಾಂ ಪೊಟ್ಯಾಷಿಯಂ ಇದ್ದರೆ, ಅಷ್ಟೇ ದಾರೆಹುಳಿಯಲ್ಲಿ ಇರುವುದು 130ರ ಆಸುಪಾಸು. ಆ ಲೆಕ್ಕವನ್ನೇ ನಂಬಿದರೆ ದಾರೆಹುಳಿ ಒಳ್ಳೆಯ ಹಣ್ಣು ಎನಿಸಿಬಿಡುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲವೆಂದು ತಿನ್ನುವಂತಿಲ್ಲ.

ತರಕಾರಿ ಕುದಿಸಿ ನೀರು ಚೆಲ್ಲುವ ಅಭ್ಯಾಸವನ್ನೂ ಇದಕ್ಕೆ ಅನ್ವಯಿಸಬೇಡಿ. ಬೇಯಿಸುವುದು, ಉಪ್ಪಿನಲ್ಲಿಡುವುದು, ಸಕ್ಕರೆ ಬೆರೆಸುವುದು, ಯಾವುದನ್ನೂ ನಂಬಿ ಕಿಡ್ನಿ ರೋಗಿಗೆ ಬಡಿಸುವಂತಿಲ್ಲ. ಸಿಹಿ ಜಾತಿಯ ಹಣ್ಣಾದರೆ ಪರವಾಗಿಲ್ಲ ಎಂಬುದೂ ತಪ್ಪು. ಹುಳಿ ಹಣ್ಣಿನಲ್ಲಿ ಆಕ್ಸಲೇಟ್ ಹೆಚ್ಚು ಎಂಬುದಷ್ಟೇ ನಿಜ. ಎಲ್ಲಕ್ಕಿಂತ ಕೆಟ್ಟದ್ದು ಜ್ಯೂಸ್. ತಿನ್ನುವಾಗ ಒಂದು ಹಣ್ಣಿಗೆ ಹಲ್ಲು ಚಳಿತುಹೋಗುತ್ತದೆ, ಲೋಟದಲ್ಲಿ ಮೂರ್ನಾಲ್ಕು ಹಣ್ಣು ಗಂಟಲಿಗಿಳಿದದ್ದು ಗೊತ್ತಾಗುವುದೇ ಇಲ್ಲ. ಬೆವರು ಸುರಿಸಿ ತೋಟದಿಂದ ಬಂದು ಖಾಲಿ ಹೊಟ್ಟೆಗೆ ಜ್ಯೂಸ್ ಏರಿಸಿದ ಆರೋಗ್ಯವಂತರಿಗೂ ಕಿಡ್ನಿ ಕೈಕೊಡಬಹುದು. ಸಕ್ಕರೆ ಕಾಯಿಲೆಗೆ ಮದ್ದೆಂದು ಇದರ ರಸ ಕುಡಿಯುವುದು ಇನ್ನೂ ಅಪಾಯ. ಒಳಗೊಳಗೇ ಕಿಡ್ನಿ ಸವೆದಿರುವುದು ಅವರಲ್ಲೇ ಹೆಚ್ಚು.

ಇದೇ ಕುಲದ ಬಿಂಬುಳಿಗೂ ಎಚ್ಚರ ಬೇಕು. ಅದರ ರಸ ಕುಡಿದು ಕಿಡ್ನಿ ಕೆಡಿಸಿಕೊಂಡ 10 ಮಂದಿಯ ವಿವರವನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದ್ದರು. ಅಲ್ಲಿನ ತೊಂದರೆ ಆಕ್ಸಲೇಟ್ ಹರಳಿನದ್ದು.

ತಿಂದುಬಿಟ್ಟರೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತೀರ್ಥಹಳ್ಳಿ ಕಡೆಯ ಮನೆ. ಯಜಮಾನರಿಗೆ 58, ಮಂಗಳವಾರ ಮತ್ತು ಶುಕ್ರವಾರ ಡಯಾಲಿಸಿಸ್. ಶನಿವಾರ ಮಧ್ಯಾಹ್ನ ಮೂರಕ್ಕೆ ನೆಂಟರ ಮಕ್ಕಳ ಜೊತೆ ಕೂತು ಒಂದು ದಾರೆಹುಳಿ ತಿಂದರು. ಸಂಜೆ ಏಳಕ್ಕೆ ಬಿಕ್ಕಳಿಕೆ ಶುರು. ಮನೆಯವರು ಸಕ್ಕರೆ ತಿನ್ನಿಸಿದರು, ನೀರು ಕುಡಿಸಿದರು. ಹತ್ತಕ್ಕೆ ವಾಂತಿ. ಪಿತ್ತ ಎಂದುಕೊಂಡರು. ನಡುರಾತ್ರಿ ನಿದ್ದೆಯಿಲ್ಲ, ಸಿಟ್ಟು, ಎದ್ದು ಓಡಾಡಲು ಹೋದರೆ ಕಾಲು ಸೋಲುತ್ತದೆ. ಬೆಳಗಿನ ಜಾವ ಸೊಸೆಯ ಹೆಸರು ಹೇಳಲು ತಡವರಿಸಿದರು. ಮುಂದಿನದು ಫಿಟ್ಸ್ ಅಥವಾ ಎಚ್ಚರ ತಪ್ಪುವುದು.

ಲಕ್ಷಣಗಳು ಹೆಚ್ಚಾಗಿ ಹೀಗೇ ಏರುತ್ತವೆ. ತಿಂದ ಅರ್ಧ ಗಂಟೆಯಲ್ಲೂ ಶುರುವಾಗಬಹುದು, ಹತ್ತು ಹನ್ನೆರಡು ಗಂಟೆ ತಡವಾಗಲೂಬಹುದು. ಬಿಕ್ಕಳಿಕೆಯ ಹಂತದಲ್ಲೇ ಡಯಾಲಿಸಿಸ್ ಸಿಕ್ಕವರು ಹೆಚ್ಚಾಗಿ ಚೇತರಿಸಿಕೊಳ್ಳುತ್ತಾರೆ. ಗೊಂದಲ, ಫಿಟ್ಸ್‌ವರೆಗೆ ಬಿಟ್ಟವರಲ್ಲಿ ಸಾವು ಹೆಚ್ಚು. ಆದ್ದರಿಂದ ಆ ಮನೆಯವರು ನಿರ್ಧಾರ ಮಾಡಬೇಕಾದದ್ದು ಸಂಜೆ ಏಳಕ್ಕೆ, ಬೆಳಗಿನ ಜಾವಕ್ಕಲ್ಲ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಮಧ್ಯಾಹ್ನ ಮೂರಕ್ಕೇ, ತಿಂದದ್ದು ಗೊತ್ತಾದ ಕೂಡಲೇ ಡಯಾಲಿಸಿಸ್ ಕೇಂದ್ರಕ್ಕೆ ಫೋನ್ ಮಾಡಬೇಕಿತ್ತು.

ಕಿಡ್ನಿ ರೋಗಿಗೆ ಬಿಕ್ಕಳಿಕೆ ಬೇರೆ ಕಾರಣಕ್ಕೂ ಬರುತ್ತದೆ, ನಿಜ. ಡಯಾಲಿಸಿಸ್ ತಪ್ಪಿ ರಕ್ತದಲ್ಲಿ ಕಶ್ಮಲ ಏರಿದರೂ ಬರುತ್ತದೆ. ಇಲ್ಲಿ ಹಿಂದಿನ ದಿನವಷ್ಟೇ ಡಯಾಲಿಸಿಸ್ ಆಗಿದೆ, ನಾಲ್ಕು ಗಂಟೆ ಹಿಂದೆ ಹಣ್ಣು ತಿಂದಿದ್ದಾರೆ. ಇವೆರಡೂ ಕೂಡಿದರೆ ಅನುಮಾನ ಹಣ್ಣಿನ ಮೇಲೇ ಬರಬೇಕು. ಸಕ್ಕರೆ ಕಾಯಿಲೆ ಇದ್ದರೆ ಗ್ಲುಕೋಮೀಟರ್‌ನಲ್ಲಿ ಒಮ್ಮೆ ನೋಡಿ. ಸಕ್ಕರೆ ಇಳಿದರೂ ಗೊಂದಲ, ಫಿಟ್ಸ್ ಬರುತ್ತವೆ, ಅದಕ್ಕೆ ಚಿಕಿತ್ಸೆ ಬೇರೆ.

ಮನೆಯಲ್ಲಿ ಮಾಡಬಾರದ ಕೆಲಸಗಳಿವೆ. ವಿಷ ತೊಳೆದುಹೋಗಲಿ ಎಂದು ಚೊಂಬುಗಟ್ಟಲೆ ನೀರು ಕುಡಿಸಬೇಡಿ. ಮೂತ್ರ ಹೋಗದವರಲ್ಲಿ ಆ ನೀರು ಶ್ವಾಸಕೋಶಕ್ಕೆ ಸೇರಿ ಉಸಿರು ಕಟ್ಟುತ್ತದೆ. ತಂಪಿಗೆಂದು ಎಳನೀರು ಕೊಟ್ಟರೆ ಪೊಟ್ಯಾಷಿಯಂ ಏರಿ ಹೃದಯಕ್ಕೇ ಅಪಾಯ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ. ಕೈಗೆ ಕಬ್ಬಿಣದ ಬೀಗದಕೈ ಕೊಡುವುದರಿಂದ ಏನೂ ಆಗದು.

ಆಸ್ಪತ್ರೆಯಲ್ಲಿ ಏನು ಹೇಳಬೇಕು

108ಕ್ಕೆ ಕರೆ ಮಾಡುವಾಗಲೇ ‘ಡಯಾಲಿಸಿಸ್ ರೋಗಿ’ ಎಂದು ಹೇಳಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ರಾತ್ರಿ, ಭಾನುವಾರ ಡಯಾಲಿಸಿಸ್ ಎಲ್ಲಿ ಸಿಗುತ್ತದೆ ಎಂದು ಫೋನಿನಲ್ಲೇ ಖಚಿತ ಮಾಡಿಕೊಂಡು ಹೊರಡಿ. ಈ ಸಂಖ್ಯೆಗಳನ್ನು ಕಾಯಿಲೆ ಇಲ್ಲದ ದಿನವೇ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಒಳ್ಳೆಯದು.

ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಕ್ಯಾರಂಬಾಕ್ಸಿನ್ ಅಳೆಯುವ ರಕ್ತಪರೀಕ್ಷೆ ಇರುವುದಿಲ್ಲ. ತಲೆಯ ಸಿ.ಟಿ. ಸ್ಕ್ಯಾನ್ ಸರಿಯಾಗಿಯೇ ಕಾಣಬಹುದು. ತೊದಲು, ಕಾಲು ಸೋಲು ನೋಡಿದ ವೈದ್ಯರು ಪಾರ್ಶ್ವವಾಯು ಎಂದು ಆ ದಾರಿ ಹಿಡಿಯುವುದು ಸಹಜ. ರೋಗವನ್ನು ಪತ್ತೆ ಹಚ್ಚುವುದು ನಿಮ್ಮ ಮಾತು ಮಾತ್ರ. ಏನು, ಎಷ್ಟು, ಎಷ್ಟು ಗಂಟೆಗೆ, ಮೊದಲ ಬಿಕ್ಕಳಿಕೆ ಯಾವಾಗ, ಕೊನೆಯ ಡಯಾಲಿಸಿಸ್ ಯಾವತ್ತು: ಈ ಐದನ್ನು ಚೀಟಿಯಲ್ಲಿ ಬರೆದುಕೊಡಿ. ದಾರೆಹುಳಿ ಎಂಬ ಹೆಸರು ಬೇರೆ ಊರಿನ ವೈದ್ಯರಿಗೆ ಗೊತ್ತಾಗದು. ಸ್ಟಾರ್ ಫ್ರೂಟ್ ಎಂದು ಹೇಳಿ, ಸಾಧ್ಯವಾದರೆ ಒಂದು ಹಣ್ಣನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಇರುವ ಕೈಗೆ ಸೂಜಿ ಚುಚ್ಚದಂತೆ, ಬಿಪಿ ಪಟ್ಟಿ ಕಟ್ಟದಂತೆ ನೆನಪಿಸಿ.

ಫಿಟ್ಸ್‌ಗೆ ಔಷಧ ಕೊಡುತ್ತಾರೆ, ಆದರೆ ವಿಷ ಒಳಗಿರುವವರೆಗೆ ಔಷಧಕ್ಕೆ ಅದು ಬಗ್ಗದೇ ಇರಬಹುದು. ವಿಷ ತೆಗೆಯುವ ಕೆಲಸ ಯಂತ್ರದ ಡಯಾಲಿಸಿಸ್‌ನದ್ದು. ಅಣು ಚಿಕ್ಕದು, ನೀರಿನಲ್ಲಿ ಕರಗುತ್ತದೆ, ಹಾಗಾಗಿ ಸೋಸುವ ಪೊರೆಯಲ್ಲಿ ನುಸುಳಿ ಹೊರಬರುತ್ತದೆ. ಹೊಟ್ಟೆಯೊಳಗೆ ದ್ರವ ತುಂಬಿ ಮಾಡುವ ಡಯಾಲಿಸಿಸ್ ಇದಕ್ಕೆ ಸಾಕಾಗುವುದಿಲ್ಲ. ಮನೆಯಲ್ಲಿ ಆ ವಿಧಾನ ಮಾಡಿಕೊಳ್ಳುವವರೂ ಆಸ್ಪತ್ರೆಗೆ ಹೋಗಲೇಬೇಕು.

ನಮ್ಮ ಯಜಮಾನರಿಗೆ ಶನಿವಾರ ರಾತ್ರಿಯೇ ಡಯಾಲಿಸಿಸ್ ಆಗಿ, ಬೆಳಗ್ಗೆ ಬಿಕ್ಕಳಿಕೆ ನಿಂತಿತು ಎಂದುಕೊಳ್ಳಿ. ಆಗ ಮನೆಗೆ ಹೊರಡುವ ಅವಸರ ಬೇಡ. ರಕ್ತ ಶುದ್ಧವಾದರೂ ಮಾಂಸಖಂಡ, ಮಿದುಳುಗಳಲ್ಲಿ ಉಳಿದ ವಿಷ ಕೆಲವು ಗಂಟೆಗಳಲ್ಲಿ ಮತ್ತೆ ರಕ್ತಕ್ಕೆ ಇಳಿದು ಬರುತ್ತದೆ, ಬಿಕ್ಕಳಿಕೆ ಮರಳುತ್ತದೆ. ಅದಕ್ಕೇ ವೈದ್ಯರು ಹೆಚ್ಚು ಹೊತ್ತಿನ ಡಯಾಲಿಸಿಸ್ ಮಾಡುತ್ತಾರೆ, ಮರುದಿನ, ಅದರ ಮರುದಿನವೂ ಮಾಡುತ್ತಾರೆ. ಕೆಲವೆಡೆ ಇದ್ದಿಲಿನ ಸೋಸುಕ ಜೋಡಿಸುವುದೂ ಉಂಟು. ಮಂಗಳವಾರದ ಸರದಿ ಹೇಗೂ ಇದೆಯಲ್ಲ ಎಂದು ಭಾನುವಾರ ಬೆಳಗ್ಗೆ ಡಿಸ್ಚಾರ್ಜ್ ಕೇಳಬೇಡಿ.