ಅಳಿಸಿದರೂ ಅಳಿಯದ ರೀಡ್-ಓನ್ಲಿ ಚೌಕ: ನನ್ನ ಅನುಭವ

ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಹಳೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕನ್ನು ಹೊಸದಕ್ಕೆ ಜೋಡಿಸಿದ ಮರುದಿನದಿಂದ Bills ಫೋಲ್ಡರಿನಲ್ಲಿ ಬಿಲ್ ಸೇವ್ ಆಗುತ್ತಿರಲಿಲ್ಲ. ಪ್ರಾಪರ್ಟೀಸ್ ತೆರೆದರೆ Read-only ಎದುರು ತುಂಬಿದ ಚೌಕ. ನನಗಿಂತ ಮೊದಲು ಬಂದಿದ್ದವರು ಅದನ್ನು ಅಳಿಸಿ, ಮತ್ತೆ ತೆರೆದಾಗ ಅದು ಹಾಗೆಯೇ ಕುಳಿತಿದ್ದುದನ್ನು ಕಂಡು, ವೈರಸ್ ಇದೆ, ಫಾರ್ಮ್ಯಾಟ್ ಮಾಡಬೇಕೆಂದು ಮೂರು ಸಾವಿರದಷ್ಟು ಕೇಳಿ ಹೋಗಿದ್ದರಂತೆ.

ನಾನೂ ಮೊದಲ ದಿನ ಅದೇ ಚೌಕವನ್ನು ಅಳಿಸಿ, ಒಳಗಿನ ಎಲ್ಲ ಫೈಲುಗಳಿಗೂ ಅನ್ವಯಿಸುವಂತೆ ಒಪ್ಪಿಗೆ ಕೊಟ್ಟೆ. ಆ ಚೌಕ ಫೋಲ್ಡರಿನ ಸ್ಥಿತಿಯನ್ನು ಹೇಳುವುದೇ ಇಲ್ಲ. ವಿಂಡೋಸಿನಲ್ಲಿ ಯಾವ ಫೋಲ್ಡರಿನ ಪ್ರಾಪರ್ಟೀಸ್ ತೆರೆದರೂ ಅದು ತುಂಬಿಯೇ ಕಾಣುತ್ತದೆ, ಅಳಿಸಿದರೆ ಒಳಗಿನ ಫೈಲುಗಳ ರೀಡ್-ಓನ್ಲಿ ಗುರುತು ಮಾತ್ರ ಹೋಗುತ್ತದೆ. ಅಲ್ಲಿನ ಲೆಕ್ಕಿಗರು ಹಳೆಯ ವರ್ಷಗಳ ನಲವತ್ತರಷ್ಟು ಫೈಲುಗಳನ್ನು ಬೇಕೆಂದೇ ರೀಡ್-ಓನ್ಲಿ ಮಾಡಿಟ್ಟಿದ್ದರು. ಅದನ್ನು ನಾನು ಒಂದೇ ಕ್ಲಿಕ್ಕಿನಲ್ಲಿ ಕಳೆದದ್ದರಿಂದ ಮುಂದೆ ಒಂದು ಫೈಲಿನ ಮೇಲೆ ಹೊಸ ಬಿಲ್ ಸೇವ್ ಆಗಿ, ಕಾಗದ ನೋಡಿಕೊಂಡು ಎರಡು ದಿನ ಪುಕ್ಕಟೆಯಾಗಿ ಟೈಪ್ ಮಾಡಿಕೊಡಬೇಕಾಯಿತು.

ಫೋಲ್ಡರಿನ ನಿಜವಾದ ಗುರುತನ್ನು ನೋಡಲು ಕಮಾಂಡ್ ಪ್ರಾಂಪ್ಟ್ ಬೇಕು. ಯಾರಿಗೆ ಯಾವ ಅಧಿಕಾರವಿದೆ ಎಂಬುದನ್ನು ಎರಡನೆಯ ಸಾಲು ಹೇಳುತ್ತದೆ.

```
attrib "D:\Bills"
icacls "D:\Bills"
```

ಮೊದಲನೆಯದು R, ಅಂದರೆ ರೀಡ್-ಓನ್ಲಿ ಗುರುತನ್ನು ತೋರಿಸಿತು. ಆದರೆ ಆ R ಇದ್ದ ಮಾತ್ರಕ್ಕೆ ಫೋಲ್ಡರಿನೊಳಗೆ ಬರೆಯುವುದು ನಿಲ್ಲುವುದಿಲ್ಲ ಎಂದರೆ ಮಾಲೀಕರು ನಂಬಲಿಲ್ಲ. ಅವರೆದುರಿಗೇ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಫೋಲ್ಡರಿಗೆ attrib +r ಕೊಟ್ಟು, ಅದರೊಳಗೆ ಫೈಲ್ ಸೇವ್ ಮಾಡಿ ತೋರಿಸಿದೆ. ಫೋಲ್ಡರಿನ ಮೇಲಿನ R ಎಂಬುದು, ಒಳಗಿರುವ desktop.ini ಓದಿ ಐಕಾನ್ ಬದಲಿಸು ಎಂದು ಎಕ್ಸ್‌ಪ್ಲೋರರಿಗೆ ಕೊಡುವ ಸೂಚನೆ, ಅಷ್ಟೆ. ಕುತೂಹಲಕ್ಕೆ, ಅವರೇ ಬೇರೆ ಐಕಾನ್ ಹಾಕಿಕೊಂಡಿದ್ದ ಇನ್ನೊಂದು ಫೋಲ್ಡರಿನಿಂದ R ತೆಗೆದೆ. ಸ್ವಲ್ಪ ಹೊತ್ತಿನಲ್ಲಿ ಅದು ಮಾಮೂಲಿ ಹಳದಿಗೆ ಮರಳಿತು, R ಕೊಟ್ಟೊಡನೆ ಐಕಾನ್ ಹಿಂದಿರುಗಿತು.

ರೋಗ ಸಿಕ್ಕಿದ್ದು icacls ಸಾಲುಗಳಲ್ಲಿ. ಬರೆಯುವ ಅಧಿಕಾರವಿದ್ದ ಬಳಕೆದಾರನ ಹೆಸರಿರಬೇಕಾದ ಕಡೆ S-1-5-21 ಎಂದು ಆರಂಭವಾಗುವ ಉದ್ದದ ಅಂಕಿಯಿತ್ತು. ಅದು ಹಳೆಯ ಕಂಪ್ಯೂಟರಿನ ಖಾತೆ. ಹೊಸ ವಿಂಡೋಸಿಗೆ ಅದು ಯಾರೆಂದು ಗೊತ್ತಿಲ್ಲ. Users ಗುಂಪಿಗಿದ್ದದ್ದು RX, ಅಂದರೆ ಓದುವ ಮತ್ತು ತೆರೆಯುವ ಅಧಿಕಾರ ಮಾತ್ರ. ಅಡ್ಮಿನಿಸ್ಟ್ರೇಟರ್ ಆಗಿ ಪ್ರಾಂಪ್ಟ್ ತೆರೆದು, ಆ ಗುಂಪಿಗೆ ಬರೆಯುವ ಅಧಿಕಾರ ಕೊಡುವ ಒಂದೇ ಸಾಲು ಕೊಟ್ಟೆ.

```
icacls "D:\Bills" /grant "Users:(OI)(CI)M"
```

ಬಿಲ್ ಕೂಡಲೇ ಸೇವ್ ಆಯಿತು. ಬೇರೆಬೇರೆ ಮಾಲೀಕತ್ವದ ಸಾವಿರಾರು ಒಳಫೋಲ್ಡರುಗಳಿದ್ದರೆ ನಾನು ಅನುಸರಿಸುವ ಕ್ರಮ ಬೇರೆ. ಅದು ಹೊಟ್ಟೆಪಾಡಿನ ಗುಟ್ಟು, ಇಲ್ಲಿ ಬರೆಯಲಾರೆ. ನಾನು ಪಡೆದದ್ದು ಐನೂರು ರೂಪಾಯಿ. ಪ್ರಾಪರ್ಟೀಸಿನಲ್ಲಿ ಆ ಚೌಕ ಇಂದಿಗೂ ತುಂಬಿಯೇ ಇದೆ, ಮಾಲೀಕರು ಆಗಾಗ ಫೋನ್ ಮಾಡಿ ಅದನ್ನೇ ವಿಚಾರಿಸುತ್ತಾರೆ.