ಮಳೆಗಾಲದ ಬಿಳಿ ಆಕಾಶದಲ್ಲಿ ಗಡಿಯಾರಕ್ಕೆ ಜಾಗ: ಲಾಕ್ ಸ್ಕ್ರೀನ್ ಚಿತ್ರ ನಾನು ಮಾಡಿದ ಬಗೆ

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಸೂರ್ಯ ಮುಳುಗುವಾಗ ತೆಗೆದ ಫೋಟೊವನ್ನು ಲಾಕ್ ಸ್ಕ್ರೀನಿಗೆ ಹಾಕುವುದು ಸುಲಭ. ಬೆಳಕೆಲ್ಲ ನೀರಿನಂಚಿನಲ್ಲಿರುತ್ತದೆ, ಮೇಲಿನ ಆಕಾಶ ತಾನಾಗಿಯೇ ಕಪ್ಪಾಗಿರುತ್ತದೆ, ಗಡಿಯಾರದ ಬಿಳಿ ಅಂಕಿ ಚೆನ್ನಾಗಿ ಕಾಣುತ್ತದೆ. ಕಷ್ಟವಿರುವುದು ಮಳೆಗಾಲದ ಫೋಟೊದಲ್ಲಿ. ಆಕಾಶ ಇಡಿಯಾಗಿ ಬೂದು ಬಿಳಿ, ಅದರ ಮೇಲೆ ಬಿಳಿ ಗಡಿಯಾರ. ಆದರೆ ನನಗೆ ಬೇಕಾದದ್ದು ಅದೇ ಫೋಟೊ: ಜುಲೈ ತಿಂಗಳು, ಮರಳ ಮೇಲೆ ಎಳೆದಿಟ್ಟ ಒಂದು ಪಾತಿ ದೋಣಿ, ಹಿಂದೆ ಮಸುಕಾದ ಗುಡ್ಡದ ಸಾಲು. ಅದನ್ನು 1080×2400 ಪಿಕ್ಸೆಲ್‌ನ ಆಂಡ್ರಾಯ್ಡ್ ಫೋನಿಗೆ ಹೊಂದಿಸಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಲಸ ಮಾಡಿದ್ದು ಕಂಪ್ಯೂಟರಿನಲ್ಲಿ, GIMP ಎಂಬ ಉಚಿತ ತಂತ್ರಾಂಶದಲ್ಲಿ.

ಫೋಟೊ ಮುಟ್ಟುವ ಮೊದಲು ಫೋನನ್ನು ಅಳೆಯಬೇಕು. ಗಡಿಯಾರ ಎಲ್ಲಿ ಕೂರುತ್ತದೆ ಎಂಬುದು ಒಂದೊಂದು ಫೋನಿನಲ್ಲಿ ಒಂದೊಂದು ಥರ. ಕೆಲವದರಲ್ಲಿ ಮೇಲ್ಭಾಗದಲ್ಲಿ ಒಂದೇ ಸಾಲು, ಇನ್ನು ಕೆಲವದರಲ್ಲಿ ನಡುವೆ ಎರಡು ಸಾಲಿನ ದೊಡ್ಡ ಅಂಕಿ. ನೋಟಿಫಿಕೇಶನ್ ಬಂದರೆ ಚಿಕ್ಕದಾಗಿ ಮೂಲೆಗೆ ಸರಿಯುವಂಥದ್ದೂ ಇದೆ. ಹಾಗಾಗಿ ಅಂದಾಜು ಮಾಡುತ್ತ ಕೂರಬಾರದು. ಪೂರ್ತಿ ಕಪ್ಪಾದ ಒಂದು ಚಿತ್ರವನ್ನು ಲಾಕ್ ಸ್ಕ್ರೀನಿಗೆ ಹಾಕಿ ಸ್ಕ್ರೀನ್‌ಶಾಟ್ ತೆಗೆಯಿರಿ. ಸಮಯ 10:08ರಂತೆ ಅಗಲದ ಅಂಕಿಗಳು ಇರುವಾಗ ತೆಗೆಯಬೇಕು. 1:11ಕ್ಕೆ ತೆಗೆದರೆ ಗಡಿಯಾರ ನಿಜಕ್ಕಿಂತ ಸಣ್ಣದಾಗಿ ಕಾಣಿಸಿ ಮೋಸವಾಗುತ್ತದೆ. ಈ ಸ್ಕ್ರೀನ್‌ಶಾಟನ್ನು GIMPನಲ್ಲಿ ಎಲ್ಲಕ್ಕಿಂತ ಮೇಲಿನ ಲೇಯರ್ ಆಗಿಟ್ಟು, ಅದರ ಮೋಡ್ Screen ಎಂದು ಬದಲಿಸಿದರೆ ಕಪ್ಪೆಲ್ಲ ಮಾಯವಾಗಿ ಗಡಿಯಾರ, ದಿನಾಂಕ, ಐಕಾನ್‌ಗಳು ಮಾತ್ರ ಫೋಟೊದ ಮೇಲೆ ತೇಲುತ್ತವೆ. ಮುಂದಿನ ಕೆಲಸವೆಲ್ಲ ಇದರ ಕೆಳಗೇ ನಡೆಯುವುದು. ಫೋನ್ ತೆರೆಯಲು ಬೆರಳಿಡುವ ಬೆರಳಚ್ಚಿನ ಗುರುತು ಸ್ಕ್ರೀನ್‌ಶಾಟಿನಲ್ಲಿ ಬೀಳದಿದ್ದರೆ ಸ್ಕೇಲ್ ಹಿಡಿದು ಪರದೆಯ ಕೆಳಗಿನಿಂದ ಅದು ಎಷ್ಟು ಎತ್ತರದಲ್ಲಿದೆ ನೋಡಿ, ಅದೇ ಪ್ರಮಾಣದಲ್ಲಿ ಒಂದು ವೃತ್ತ ಬರೆದುಕೊಂಡರಾಯಿತು.

ನನ್ನ ಫೋನಿನಲ್ಲಿ ಬಂದ ಅಳತೆ, ಮೇಲಿನಿಂದ ಪಿಕ್ಸೆಲ್ ಎಣಿಸಿದರೆ: ದಿನಾಂಕ 260ರಿಂದ 320, ಗಡಿಯಾರ 330ರಿಂದ 760, ಬೆರಳಚ್ಚಿನ ವೃತ್ತ 1955ರಿಂದ 2145, ಕೆಳಗಿನ ಎರಡು ಮೂಲೆಯ ಐಕಾನ್‌ಗಳು 2200ರ ಆಚೆ. ಅಂದರೆ ದೋಣಿಗೆ ಉಳಿಯುವುದು 800 ಮತ್ತು 1900ರ ನಡುವಿನ ಜಾಗ. ನೋಟಿಫಿಕೇಶನ್ ಬೀಳುವುದೂ ಅಲ್ಲಿಯೇ. ಅದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ, ಆ ಚೌಕಗಳಿಗೆ ಅವುಗಳದ್ದೇ ಹಿನ್ನೆಲೆ ಇರುತ್ತದೆ.

ಫೋಟೊ ಅಡ್ಡಲಾಗಿ ತೆಗೆದದ್ದು, 4000×3000. ಪರದೆ 9:20, ಹಾಗಾಗಿ 3000 ಎತ್ತರಕ್ಕೆ ಸಿಗುವ ಅಗಲ 1350 ಮಾತ್ರ. ಫೋಟೊದ ಮೂರನೇ ಒಂದು ಭಾಗ. 1080ಕ್ಕೆ ಇದು ಧಾರಾಳ ಸಾಕು. ಆದರೆ ಅದೇ ಫೋಟೊ ವಾಟ್ಸ್ಯಾಪಿನಲ್ಲಿ ಮಾಮೂಲಿಯಾಗಿ ಬಂದಿದ್ದರೆ ಉದ್ದನೆಯ ಬದಿ ಸುಮಾರು 1600ಕ್ಕೆ ಇಳಿದಿರುತ್ತದೆ. ಆಗ ನೆಟ್ಟಗಿನ ತುಂಡು 540×1200 ಸಿಕ್ಕೀತು. ಬೇಕಾದದ್ದರ ಅರ್ಧ, ಹಿಗ್ಗಿಸಿದರೆ ದೋಣಿಯ ಹಗ್ಗ, ಹಲಗೆಯ ಸಂದು ಎಲ್ಲ ಮೇಣದಂತೆ ಕಾಣುತ್ತದೆ. ಬೇರೆಯವರಿಂದ ತರಿಸಿಕೊಳ್ಳುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಕೇಳಿ.

ಕತ್ತರಿಸುವ ಮೊದಲು ಕಡಲಂಚನ್ನು ನೇರ ಮಾಡಿಕೊಳ್ಳಬೇಕು. ಗ್ಯಾಲರಿಯಲ್ಲಿ ನೋಡುವಾಗ ಗೊತ್ತಾಗದ ಓರೆ, ಸಮನಾಗಿ ನಿಂತ ಗಡಿಯಾರದ ಕೆಳಗೆ ಬಂದ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಒಂದೇ ಡಿಗ್ರಿ ಓರೆ ಎಂದರೂ 1080 ಅಗಲದಲ್ಲಿ ಆ ತುದಿಗೂ ಈ ತುದಿಗೂ 19 ಪಿಕ್ಸೆಲ್ ವ್ಯತ್ಯಾಸ.

ಮೂಲ ಫೋಟೊದಲ್ಲಿ ದೋಣಿ ಎಡದಿಂದ 900ರಿಂದ 1700ರವರೆಗೆ, ಮೇಲಿನಿಂದ 1900ರಿಂದ 2500ರವರೆಗೆ ಇದೆ. ಕಡಲಂಚು 1450ರಲ್ಲಿ. ದೋಣಿ ನಡುವಿಗೆ ಬರುವಂತೆ ಎಡದಿಂದ 625ಕ್ಕೆ ಕತ್ತರಿಸಿದೆ. ಇದನ್ನು ಹಾಗೇ 1080×2400ಕ್ಕೆ ಇಳಿಸಿದ್ದರೆ ದೋಣಿಯ ತಳ 2000ಕ್ಕೆ ಬರುತ್ತಿತ್ತು, ಅಂದರೆ ಬೆರಳಚ್ಚಿನ ವೃತ್ತದೊಳಕ್ಕೆ. ಎಲ್ಲವನ್ನೂ 200 ಪಿಕ್ಸೆಲ್ ಮೇಲಕ್ಕೆ ತರಬೇಕು, ಮೂಲದ ಲೆಕ್ಕದಲ್ಲಿ 250. ಆಕಾಶದಿಂದ 250 ಕತ್ತರಿಸಿ ಹಾಕಬಹುದು, ಆದರೆ ಕೆಳಗೆ ಅಷ್ಟು ಮರಳು ಇಲ್ಲ.

ಇಲ್ಲಿ ಮರಳನ್ನು ಎಳೆದು ಉದ್ದ ಮಾಡಿದೆ. ದೋಣಿಯ ಕೆಳಗೆ 2520ರಿಂದ 3000ರವರೆಗಿನ 480 ಪಿಕ್ಸೆಲ್ ಪಟ್ಟಿಯನ್ನು ಆರಿಸಿ ಹೊಸ ಲೇಯರ್ ಮಾಡಿಕೊಂಡೆ. Canvas Sizeನಲ್ಲಿ ಎತ್ತರವನ್ನು 3250 ಮಾಡಿ, ಪಟ್ಟಿಯ ಮೇಲಂಚು ಕದಲದಂತೆ Scale ಟೂಲಿನಿಂದ ಅದನ್ನು 730ಕ್ಕೆ ಎಳೆದೆ. ಮೇಲಂಚು ಇದ್ದಲ್ಲಿಯೇ ಇರುವುದರಿಂದ ಜೋಡಣೆಯ ಗೆರೆ ಕಾಣುವುದಿಲ್ಲ. ಆಮೇಲೆ ಮೇಲಿನಿಂದ 250 ತೆಗೆದು, ಇಡೀ ಚಿತ್ರವನ್ನು 1080×2400ಕ್ಕೆ ಇಳಿಸಿದೆ. ಈಗ ಕಡಲಂಚು 960ರಲ್ಲಿ, ದೋಣಿ 1320ರಿಂದ 1800ರಲ್ಲಿ.

ಹೀಗೆ ಎಳೆಯಲಿಕ್ಕೆ ಮಿತಿ ಇದೆ. 480ರಿಂದ 730 ಎಂದರೆ ಒಂದೂವರೆ ಪಟ್ಟು. ಅದನ್ನು ದಾಟಿದರೆ ಮರಳಿನ ಕಣ ಕಣವಾಗಿ ಉಳಿಯದೆ ಗೀರಾಗುತ್ತದೆ. ಅಲೆ ಬಂದು ಹೋದ ಒದ್ದೆ ಮರಳಾದರೆ ಚಿಂತೆಯಿಲ್ಲ, ಅದರಲ್ಲಿ ಕಾಣುವ ಪ್ರತಿಬಿಂಬ ಹೇಗೂ ಉದ್ದುದ್ದವೇ. ಒಣ ಮರಳಿನ ಮೇಲಿನ ಹೆಜ್ಜೆಗುರುತು ಮಾತ್ರ ಎಳೆದಾಗ ವಿಕಾರವಾಗುತ್ತದೆ. ಅದನ್ನು ಎಳೆಯುವ ಮೊದಲೇ Heal ಟೂಲಿನಿಂದ ಅಳಿಸಿಕೊಳ್ಳಬೇಕು. ಪಟ್ಟಿಯನ್ನು ಕನ್ನಡಿಯಂತೆ ತಿರುಗಿಸಿ ಜೋಡಿಸುವ ಉಪಾಯವೂ ಇದೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಒಂದೇ ಕಲ್ಲು ಎರಡು ಬಾರಿ ಎದುರುಬದುರಾಗಿ ಕಂಡರೆ ಆಮೇಲೆ ದಿನವೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಇನ್ನು ಆಕಾಶ. ಬಣ್ಣ ಅಳೆಯುವ ಟೂಲಿನಿಂದ ನೋಡಿದರೆ ಅದರ ಬೆಲೆ 255ಕ್ಕೆ 205ರ ಆಸುಪಾಸು; 0 ಎಂದರೆ ಪೂರ್ತಿ ಕಪ್ಪು, 255 ಎಂದರೆ ಪೂರ್ತಿ ಬಿಳಿ. ಬಿಳಿ ಅಕ್ಷರ ಓದಲು ಬರಬೇಕಾದರೆ ಹಿನ್ನೆಲೆ ಎಷ್ಟು ಗಾಢವಿರಬೇಕು ಎನ್ನುವುದಕ್ಕೆ ವೆಬ್‌ಸೈಟ್ ಮಾಡುವವರು ಅನುಸರಿಸುವ ಅಳತೆಯೊಂದಿದೆ, ಅಕ್ಷರದ ಬೆಳಕಿಗೂ ಹಿನ್ನೆಲೆಯ ಬೆಳಕಿಗೂ ಇರಬೇಕಾದ ಅನುಪಾತ: ದೊಡ್ಡ ಅಕ್ಷರಕ್ಕೆ 3:1, ಸಣ್ಣದಕ್ಕೆ 4.5:1. ಬೂದು ಬಣ್ಣದ ಲೆಕ್ಕಕ್ಕೆ ತಂದರೆ ಗಡಿಯಾರದ ಹಿಂದೆ 148ಕ್ಕಿಂತ, ದಿನಾಂಕದ ಹಿಂದೆ 118ಕ್ಕಿಂತ ಮೇಲೆ ಹೋಗಬಾರದು. ಫೋನಿನ ಭಾಷೆ ಕನ್ನಡವಾಗಿದ್ದರೆ ಎರಡನೆಯದನ್ನು ಬಿಗಿಯಾಗಿ ಪಾಲಿಸಬೇಕು. ‘ಶುಕ್ರ’, ‘ಆಗಸ್ಟ್’ ಇವುಗಳಲ್ಲಿನ ಒತ್ತಕ್ಷರದ ಗೆರೆ ತೆಳು. ಹಿನ್ನೆಲೆ ಸ್ವಲ್ಪ ಬೆಳ್ಳಗಾದರೂ ಮೊದಲು ಕಾಣದಾಗುವುದು ಆ ಒತ್ತೇ.

ಗಡಿಯಾರದ ಹಿಂದೆ ಮಾತ್ರ ಕಪ್ಪು ಪಟ್ಟಿ ಬಳಿದರೆ ತೇಪೆ ಹಾಕಿದ ಹಾಗಿರುತ್ತದೆ. ಆಕಾಶಕ್ಕಷ್ಟೇ ಕತ್ತಲೆ ಕೊಟ್ಟು ಕಡಲಂಚಿನಲ್ಲಿ ನಿಲ್ಲಿಸಿದರೂ ಸುಳ್ಳು ಎದ್ದು ಕಾಣುತ್ತದೆ, ಏಕೆಂದರೆ ಆಗ ಆಕಾಶಕ್ಕಿಂತ ಸಮುದ್ರವೇ ಬೆಳಗುತ್ತದೆ. ಹಾಗಾಗಿ ಕತ್ತಲೆಯನ್ನು ದೋಣಿಯವರೆಗೂ ನಿಧಾನವಾಗಿ ಇಳಿಸಿಕೊಂಡು ಬಂದೆ. ಹೊಸ ಲೇಯರ್ ಒಂದರ ಮೋಡನ್ನು ಕೆಳಗಿನ ಚಿತ್ರವನ್ನು ಗಾಢ ಮಾಡುವ Multiplyಗೆ ಬದಲಿಸಿ, ಅದರಲ್ಲಿ 300ರಿಂದ 1400ರವರೆಗೆ ಮೇಲಿನಿಂದ ಕೆಳಕ್ಕೆ ನೇರವಾಗಿ ಗ್ರೇಡಿಯಂಟ್ ಎಳೆದೆ. ಶುರುವಿನಲ್ಲಿ 130ರ ಬೂದು, ಕೊನೆಯಲ್ಲಿ ಬಿಳಿ. ಬರೀ ಬೂದು ಕೊಳಕಾಗಿ ಕಾಣುವುದರಿಂದ ಅದಕ್ಕೆ ತುಸು ನೀಲಿ ಬೆರೆಸಿದೆ: ಕೆಂಪು 118, ಹಸಿರು 130, ನೀಲಿ 142. ಫಲಿತಾಂಶವಾಗಿ ದಿನಾಂಕದ ಹಿಂದೆ ಸುಮಾರು 105, ಗಡಿಯಾರದ ಕೆಳ ಅಂಚಿನಲ್ಲಿ 147. ದೋಣಿಯ ಬಣ್ಣ ಹೆಚ್ಚುಕಡಿಮೆ ಇದ್ದ ಹಾಗೇ ಇದೆ. ಮಳೆಗಾಲದ ಆಕಾಶ ಮೇಲೆ ಮೇಲೆ ಕಪ್ಪಾಗುವುದು ಸಹಜವೇ ಆದ್ದರಿಂದ ಕೈ ಹಾಕಿದ್ದು ಗೊತ್ತಾಗುವುದಿಲ್ಲ. ಕೆಳಗಿನ ಮೂಲೆಗಳಿಗೂ ಇದೇ ಥರ 2150ರಿಂದ 2400ರವರೆಗೆ ಸಣ್ಣ ಗ್ರೇಡಿಯಂಟ್ ಕೊಟ್ಟೆ.

ಇದಾದ ಮೇಲೆ ಎದುರಾಗುವುದು ಆಕಾಶದಲ್ಲಿ ಅಡ್ಡ ಪಟ್ಟೆಗಳು. ಒಂದು ಹಂತದ ಬೂದಿನಿಂದ ಮುಂದಿನದಕ್ಕೆ ಹೋಗಲು ಇಲ್ಲಿ ಹನ್ನೊಂದು ಸಾಲು ಪಿಕ್ಸೆಲ್ ಬೇಕಾಗುತ್ತದೆ, ಅಷ್ಟೂ ಸಾಲು ಒಂದೇ ಬಣ್ಣ. ಫೋನಿನ ಕ್ಯಾಮೆರಾ ಕಣಗಳನ್ನೆಲ್ಲ ಮೊದಲೇ ನುಣುಪು ಮಾಡಿರುವುದರಿಂದ ಪಟ್ಟೆಯನ್ನು ಮರೆಮಾಡಲು ಏನೂ ಇರುವುದಿಲ್ಲ. ಕತ್ತಲ ಕೋಣೆಯಲ್ಲಿ ಪರದೆಯನ್ನು ಬೆಳಗಿಸಿದರೆ ಮೆಟ್ಟಿಲಿನಂತೆ ಕಾಣುತ್ತದೆ. ಗ್ರೇಡಿಯಂಟ್ ಎಳೆಯುವಾಗ, ಅಕ್ಕಪಕ್ಕದ ಹಂತಗಳನ್ನು ಚುಕ್ಕಿಚುಕ್ಕಿಯಾಗಿ ಬೆರೆಸುವ Dithering ಗುರುತು ಹಾಕಿಕೊಂಡರೆ ಮುಕ್ಕಾಲು ಪಾಲು ಹೋಗುತ್ತದೆ. ಉಳಿದದ್ದಕ್ಕೆ ಬಣ್ಣದ ಸಣ್ಣ ಕಣಗಳನ್ನು ಚೆಲ್ಲುವ RGB Noise ಕಣ್ಣಿಗೆ ಕಂಡೂ ಕಾಣದಷ್ಟು ಕೊಟ್ಟರೆ ಸಾಕು. ಗಡಿಯಾರದ ಲೇಯರನ್ನು ಮರೆಮಾಡಿ PNG ಆಗಿ ಉಳಿಸಿ. JPEG ಆಗಿ ಗಾತ್ರ ಕುಗ್ಗಿಸುವಾಗ ಈ ಸೂಕ್ಷ್ಮ ಕಣಗಳೇ ಮೊದಲು ಬಲಿಯಾಗುತ್ತವೆ, ಪಟ್ಟೆ ಮತ್ತೆ ಬರುತ್ತದೆ.

ಫೋನಿಗೆ ಹಾಕುವಾಗ ಇನ್ನೊಂದು ಪರೀಕ್ಷೆ. ಕೆಲವು ಫೋನುಗಳು ಚಿತ್ರವನ್ನು ತಾವಾಗಿಯೇ ಸ್ವಲ್ಪ ಹಿಗ್ಗಿಸುತ್ತವೆ. ಅಂಚಿನಿಂದ 20 ಮತ್ತು 50 ಪಿಕ್ಸೆಲ್ ಒಳಗೆ ಎರಡು ಬಣ್ಣದ ಗೆರೆ ಎಳೆದ ಪ್ರತಿಯೊಂದನ್ನು ಮೊದಲು ಹಾಕಿ ಸ್ಕ್ರೀನ್‌ಶಾಟ್ ತೆಗೆದರೆ ಗುಟ್ಟು ಬಯಲಾಗುತ್ತದೆ. 5 ಪ್ರತಿಶತ ಹಿಗ್ಗಿದರೆ ಅಗಲದಲ್ಲಿ ಪ್ರತಿ ಬದಿಗೆ ಸುಮಾರು 26 ಪಿಕ್ಸೆಲ್ ಹೊರಹೋಗಿ ಹೊರಗಿನ ಗೆರೆ ಕಾಣೆಯಾಗಿರುತ್ತದೆ. ಎತ್ತರದಲ್ಲಿ ಇನ್ನೂ ಹೆಚ್ಚು, 57ರಷ್ಟು. ಆಗ ದೋಣಿ ಮತ್ತು ಬೆರಳಚ್ಚಿನ ನಡುವೆ ಬಿಟ್ಟ 155ರ ಅಂತರ ಉಪಯೋಗಕ್ಕೆ ಬರುತ್ತದೆ.

ಈ ವಿಧಾನ ನಡೆಯುವುದು ಆಕಾಶ, ನೀರು, ಮಂಜಿನಂಥ ಬಯಲು ಜಾಗವಿರುವ ಫೋಟೊಕ್ಕೆ. ಶಿರಸಿ ಕಡೆಯ ಅಡಿಕೆ ತೋಟದ ಫೋಟೊಕ್ಕೆ ಇದು ಒಗ್ಗುವುದಿಲ್ಲ. ಅಲ್ಲಿ ಎಷ್ಟು ಕಪ್ಪು ಮಾಡಿದರೂ ಬೆಳ್ಳನೆ ಅಡಿಕೆ ಮರಗಳ ಕಾಂಡದ ನಡುವೆ ಗಡಿಯಾರದ 1 ಇನ್ನೊಂದು ಕಾಂಡವಾಗಿ ಬಿಡುತ್ತದೆ, 11:11ಕ್ಕಂತೂ ಓದಲಿಕ್ಕೇ ಆಗುವುದಿಲ್ಲ. ತೊಂದರೆ ಬೆಳಕಿನದ್ದಲ್ಲ, ಆಕಾರದ್ದು. ಅಂಥಲ್ಲಿ ನಾನು ಫೋಟೊ ತಿದ್ದಲು ಹೋಗುವುದಿಲ್ಲ. ಬೆಳಗಿನ ಇಬ್ಬನಿ ಇರುವಾಗ, ಕ್ಯಾಮೆರಾ ನೆಟ್ಟಗೆ ಹಿಡಿದು, ತೋಟದ ಮೇಲಿನ ಗುಡ್ಡದಿಂದ ಮರಗಳ ತಲೆ ಪರದೆಯ ಅರ್ಧದಿಂದ ಕೆಳಗೆ ಬರುವಂತೆ ಮತ್ತೊಮ್ಮೆ ತೆಗೆಯುತ್ತೇನೆ.